ಗ್ಯಾಸ್ ಸಿಲಿಂಡರಿನ ಮೇಲಿನ ತಾರೀಖು: ಓದುವುದು ಹೇಗೆ, ಬದಲಿಸುವುದು ಯಾವಾಗ

ವಾಟ್ಸಾಪಿನಲ್ಲಿ ವರ್ಷಕ್ಕೆರಡು ಬಾರಿಯಾದರೂ ಸುತ್ತಿ ಬರುವ ಚಿತ್ರವೊಂದಿದೆ. ಕೆಂಪು ಸಿಲಿಂಡರಿನ ಮೇಲ್ಭಾಗ, ಹಿಡಿಕೆಯ ಬಳೆಗೆ ಆಧಾರವಾಗಿ ನಿಂತ ಕಬ್ಬಿಣದ ಪಟ್ಟಿ, ಅದರ ಒಳಮೈಯಲ್ಲಿ ಬಣ್ಣದಲ್ಲಿ ಬರೆದ ಒಂದು ಅಕ್ಷರ, ಎರಡು ಅಂಕಿ. ಅದಕ್ಕೊಂದು ಸುತ್ತು ಎಳೆದು, ಕೆಳಗೆ ‘ನಿಮ್ಮ ಸಿಲಿಂಡರಿನ ಎಕ್ಸ್‌ಪೈರಿ ಡೇಟ್ ನೋಡಿಕೊಂಡಿದ್ದೀರಾ? ದಾಟಿದ್ದರೆ ಮನೆಯಲ್ಲಿರುವುದು ಬಾಂಬು’ ಎಂದು ಬರೆದಿರುತ್ತಾರೆ. ಈ ಸಂದೇಶದಲ್ಲಿ ನಿಜವೂ ಇದೆ, ತಪ್ಪೂ ಇದೆ. ಗುರುತು ಇರುವುದು ನಿಜ. ಅಕ್ಷರಕ್ಕೂ ಅಂಕಿಗೂ ಅವರು ಹೇಳುವ ಅರ್ಥವೂ ಬಹುಮಟ್ಟಿಗೆ ಸರಿ. ಎಕ್ಸ್‌ಪೈರಿ ಎಂಬ ಮಾತು ಮಾತ್ರ ತಪ್ಪು. ಆ ಒಂದು ತಪ್ಪಿನಿಂದಾಗಿ ಹೆದರಬೇಕಿಲ್ಲದವರು ಹೆದರುತ್ತಾರೆ, ಎಚ್ಚರ ವಹಿಸಬೇಕಾದವರು ಬೇರೆಲ್ಲೋ ನೋಡುತ್ತಾರೆ.

ಇದು ಭಾರತದ ಮನೆಗಳಲ್ಲಿ ಬಳಕೆಯಲ್ಲಿರುವ ಉಕ್ಕಿನ ಸಿಲಿಂಡರಿಗೆ, ಮುಖ್ಯವಾಗಿ 14.2 ಕಿಲೋ ಗ್ಯಾಸ್ ಹಿಡಿಯುವ ಕೆಂಪು ಸಿಲಿಂಡರಿಗೆ ಸಂಬಂಧಿಸಿದ ಮಾತು. ಇಂಡೇನ್, ಭಾರತ್ ಗ್ಯಾಸ್, ಎಚ್‌ಪಿ ಮೂರರಲ್ಲೂ ಗುರುತಿನ ರೀತಿ ಒಂದೇ. ಹೋಟೆಲುಗಳ 19 ಕಿಲೋ ಸಿಲಿಂಡರಿಗೂ ಇದೇ ಲೆಕ್ಕ.

ಅಕ್ಷರ ಮತ್ತು ಅಂಕಿ

ಸಿಲಿಂಡರಿನ ತಲೆಯ ಮೇಲೆ ಕೈ ಹಾಕಿ ಎತ್ತುವ ಬಳೆಯಿದೆಯಲ್ಲ, ಅದನ್ನು ಸಿಲಿಂಡರಿನ ಮೈಗೆ ಬೆಸೆದು ನಿಲ್ಲಿಸಿರುವುದು ಮೂರು ಉದ್ದನೆಯ ಪಟ್ಟಿಗಳು. ಈ ಮೂರರಲ್ಲಿ ಒಂದರ ಒಳಮುಖದಲ್ಲಿ, ಅಂದರೆ ವಾಲ್ವಿನ ಕಡೆ ತಿರುಗಿದ ಮೈಯಲ್ಲಿ, ಪರೀಕ್ಷೆಯ ಗುರುತು ಇರುತ್ತದೆ. ಅಕ್ಷರ A, B, C, D ನಾಲ್ಕರಲ್ಲಿ ಒಂದು. ಅದರ ಮುಂದಿನ ಎರಡು ಅಂಕಿ ಇಸವಿಯ ಕೊನೆಯ ಭಾಗ.

ಅಕ್ಷರ ಹೇಳುವುದು ವರ್ಷದ ಯಾವ ಕಾಲುಭಾಗ ಎಂಬುದನ್ನು. A ಎಂದರೆ ಜನವರಿಯಿಂದ ಮಾರ್ಚ್, B ಎಂದರೆ ಏಪ್ರಿಲಿನಿಂದ ಜೂನ್, C ಎಂದರೆ ಜುಲೈಯಿಂದ ಸೆಪ್ಟೆಂಬರ್, D ಎಂದರೆ ಅಕ್ಟೋಬರಿನಿಂದ ಡಿಸೆಂಬರ್. ಹೀಗಾಗಿ C-27 ಎಂದಿದ್ದರೆ 2027ರ ಮೂರನೆಯ ಕಾಲುಭಾಗ. ಗಡುವು ಮುಗಿಯುವುದು ಆ ಕಾಲುಭಾಗದ ಕೊನೆಗೆ, ಅಂದರೆ 2027ರ ಸೆಪ್ಟೆಂಬರ್ 30ಕ್ಕೆ. ಜುಲೈ 1 ಬಂದೊಡನೆ ಮುಗಿಯಿತು ಎಂದು ಓದುವವರು ಮೂರು ತಿಂಗಳು ಮೊದಲೇ ಗಾಬರಿಯಾಗುತ್ತಾರೆ.

ಈ ಗಡುವು ಯಾತರದ್ದು ಎಂಬುದು ಮುಖ್ಯ. ಅದು ಗ್ಯಾಸ್ ಕೆಡುವ ದಿನವಲ್ಲ. ಮುಚ್ಚಿದ ಸಿಲಿಂಡರಿನಲ್ಲಿರುವ ಎಲ್‌ಪಿಜಿ ಹಾಲಿನ ಹಾಗೆ ಕೆಡುವ ವಸ್ತುವೂ ಅಲ್ಲ. ಸಿಲಿಂಡರಿನ ಆಯುಷ್ಯ ತೀರುವ ದಿನವೂ ಅದಲ್ಲ. ಆ ಹೊತ್ತಿನೊಳಗೆ ಸಿಲಿಂಡರನ್ನು ಕಡ್ಡಾಯ ಪರೀಕ್ಷೆಗೆ ಒಪ್ಪಿಸಿರಬೇಕು ಎಂಬುದಷ್ಟೇ ಅದರ ಅರ್ಥ. ಹೊಸ ಸಿಲಿಂಡರಿಗೆ ತಯಾರಾದ 10 ವರ್ಷಕ್ಕೆ ಮೊದಲ ಪರೀಕ್ಷೆ. ಆಮೇಲೆ 5 ವರ್ಷಕ್ಕೊಂದು. ಪರೀಕ್ಷೆಯಲ್ಲಿ ಗೆದ್ದ ಸಿಲಿಂಡರಿಗೆ ಹೊಸ ಬಣ್ಣ, ಹೊಸ ಗುರುತು ಬೀಳುತ್ತದೆ. ಅದು ಮತ್ತೆ ಊರು ಸುತ್ತಲು ಹೊರಡುತ್ತದೆ. ಲಾರಿಗೆ ಎಫ್‌ಸಿ ಮಾಡಿಸುವ ಹಾಗೆಯೇ ಇದು. ಎಫ್‌ಸಿ ಮುಗಿದ ಲಾರಿ ಮರುದಿನವೇ ಮುರಿದು ಬೀಳುವುದಿಲ್ಲ, ಆದರೆ ಅದನ್ನು ರಸ್ತೆಗೆ ಇಳಿಸುವ ಹಕ್ಕು ಯಾರಿಗೂ ಇರುವುದಿಲ್ಲ.

ವಿದೇಶದಲ್ಲಿರುವ ಕನ್ನಡಿಗರಿಗೆ ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಅಮೆರಿಕದಲ್ಲಿ ಹಿತ್ತಿಲ ಗ್ರಿಲ್ಲಿಗೆ ಬಳಸುವ ಪ್ರೊಪೇನ್ ಟ್ಯಾಂಕಿನ ಕೊರಳಪಟ್ಟಿಯಲ್ಲಿ ಕೊರೆದಿರುವ ತಿಂಗಳು ಮತ್ತು ಇಸವಿ ಕಳೆದುಹೋದ ಕಾಲದ್ದು. ಅದು ಟ್ಯಾಂಕು ತಯಾರಾದ ದಿನ, ಇಲ್ಲವೇ ಹಿಂದಿನ ಪರೀಕ್ಷೆ ನಡೆದ ದಿನ. ಮುಂದಿನ ಪರೀಕ್ಷೆ ಯಾವಾಗ ಎಂಬುದನ್ನು ಅಲ್ಲಿಂದ ನಾವೇ ಎಣಿಸಬೇಕು. ಅಲ್ಲಿ ಟ್ಯಾಂಕು ಬಹುಪಾಲು ಮನೆಯವರ ಸ್ವಂತದ್ದು, ಹಾಗಾಗಿ ಎಣಿಸುವ ಹೊಣೆಯೂ ಅವರದೇ. ನಮ್ಮಲ್ಲಿ ಬರೆದಿರುವುದು ಮುಂದೆ ಬರಲಿರುವ ಗಡುವು. ಅಲ್ಲಿನ ಅಭ್ಯಾಸದಲ್ಲಿ ಇಲ್ಲಿನ ಗುರುತನ್ನು ಓದಿದರೆ ಐದು ವರ್ಷ ತಪ್ಪುತ್ತದೆ. ಗಡುವು ದಾಟಿದ ಸಿಲಿಂಡರನ್ನು ‘ಈಚೆಗಷ್ಟೇ ಪರೀಕ್ಷೆಯಾಗಿದೆ’ ಎಂದು ಒಳಗಿಟ್ಟುಕೊಂಡಂತಾಗುತ್ತದೆ.

ಕಾನೂನು ಯಾರಿಗೆ ಮಾತಾಡುತ್ತಿದೆ

ಸಿಲಿಂಡರುಗಳ ವಿಚಾರದಲ್ಲಿ ಈಗ ಜಾರಿಯಲ್ಲಿರುವುದು 2016ರ ಗ್ಯಾಸ್ ಸಿಲಿಂಡರ್ ನಿಯಮಗಳು. ಅದಕ್ಕೂ ಮುಂಚೆ 2004ರ ನಿಯಮಗಳಿದ್ದವು. ಇವನ್ನು ನೋಡಿಕೊಳ್ಳುವುದು ನಾಗಪುರದಲ್ಲಿ ಮುಖ್ಯ ಕಚೇರಿಯಿರುವ ಪೆಸೊ, ಅಂದರೆ ಕೇಂದ್ರ ಸರ್ಕಾರದ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ. ನಿಗದಿತ ಅವಧಿಯೊಳಗೆ ಪರೀಕ್ಷೆಯಾಗದ ಸಿಲಿಂಡರಿಗೆ ಗ್ಯಾಸ್ ತುಂಬಬಾರದು ಎಂಬುದು ನಿಯಮದ ತಿರುಳು.

ಈ ಕಟ್ಟಳೆ ಬಿದ್ದಿರುವುದು ತುಂಬುವವರ ಮೇಲೆ ಎಂಬುದನ್ನು ಗಮನಿಸಬೇಕು. ಪಟ್ಟಿಯ ಮೇಲಿನ ಗುರುತು ಮೊದಲಿಗೆ ಮಾತಾಡುವುದು ಬಾಟ್ಲಿಂಗ್ ಪ್ಲಾಂಟಿನ ಕೆಲಸಗಾರನ ಜೊತೆ. ಖಾಲಿ ಸಿಲಿಂಡರುಗಳು ಸಾಲಾಗಿ ಬರುವಾಗ ಗಡುವು ಬಂದಿರುವುದನ್ನು ಅಲ್ಲೇ ಬೇರೆ ತೆಗೆದು ಪರೀಕ್ಷೆಗೆ ಕಳಿಸಬೇಕು. ಉಳಿದದ್ದಕ್ಕೆ ಮಾತ್ರ ಗ್ಯಾಸ್. ಬಳಕೆದಾರ ಓದುವುದು ಎರಡನೆಯ ಓದು. ಪ್ಲಾಂಟಿನಲ್ಲಿ ಕಣ್ತಪ್ಪಿ ಬಂದದ್ದನ್ನು ಹಿಡಿಯಲು ಅದು ಸಹಾಯಕ್ಕೆ ಬರುತ್ತದೆ.

ಇದರ ಜೊತೆಗೆ ಇನ್ನೊಂದು ಸಂಗತಿ ಸೇರಿಸಿಕೊಂಡರೆ ಚಿತ್ರ ಪೂರ್ತಿಯಾಗುತ್ತದೆ. ಮನೆಯಲ್ಲಿರುವ ಸಿಲಿಂಡರು ನಮ್ಮದಲ್ಲ. ನಾವು ಕಟ್ಟಿರುವುದು ಡೆಪಾಸಿಟ್ಟು. ಸಿಲಿಂಡರಿನ ಒಡೆತನ ಕಂಪನಿಯದು. ಪ್ರತಿ ಬುಕಿಂಗಿಗೂ ಒಂದು ಕೊಟ್ಟು ಬೇರೊಂದನ್ನು ಪಡೆಯುತ್ತೇವೆ. ನಾಲ್ಕು ಜನರ ಮನೆಯಲ್ಲಿ ಒಂದು ಸಿಲಿಂಡರು ಒಂದು ತಿಂಗಳೋ ಎರಡು ತಿಂಗಳೋ ಇರುತ್ತದೆ, ಹೋಗುತ್ತದೆ. ಹಾಗಾಗಿ ‘ಬದಲಿಸುವುದು’ ಎಂದರೆ ಅಂಗಡಿಯಿಂದ ಹೊಸ ಸಿಲಿಂಡರು ಕೊಂಡು ತರುವುದಲ್ಲ. ಪರೀಕ್ಷೆಯ ಖರ್ಚು ಕಂಪನಿಯದು. ಸಿಲಿಂಡರಿನ ತಾರೀಖು ದಾಟಿದೆ, ಹೊಸದಕ್ಕೆ ಇಷ್ಟು ಕೊಡಿ ಎಂದು ಬಾಗಿಲಿಗೆ ಬಂದು ಯಾರಾದರೂ ಕೇಳಿದರೆ ಕೊಡಬೇಕಿಲ್ಲ.

ಪರೀಕ್ಷೆಯಲ್ಲಿ ಏನು ನೋಡುತ್ತಾರೆ

ಗಡುವಿಗೆ ಇಷ್ಟು ಬೆಲೆ ಏಕೆ ಎಂಬುದು ಪರೀಕ್ಷೆಯನ್ನು ನೋಡಿದರೆ ತಿಳಿಯುತ್ತದೆ. ಮೊದಲು ಉಳಿದ ಗ್ಯಾಸನ್ನೆಲ್ಲ ಹೊರತೆಗೆದು ವಾಲ್ವನ್ನು ಬಿಚ್ಚುತ್ತಾರೆ. ಹೊರಮೈಯನ್ನು ನೋಡುತ್ತಾರೆ, ತಗ್ಗು, ಗೀರು, ಬೆಂಕಿ ತಾಗಿದ ಕಲೆ, ಬೆಸುಗೆಯ ಜಾಡು, ಎಲ್ಲಕ್ಕಿಂತ ಹೆಚ್ಚಾಗಿ ತುಕ್ಕು. ಸಿಲಿಂಡರಿನ ಬುಡದಲ್ಲಿ ನೆಲಕ್ಕೆ ಊರುವ ಬಳೆಯೊಂದಿದೆ. ಅಡುಗೆಮನೆ ತೊಳೆದ ನೀರು, ಒದ್ದೆ ಬಟ್ಟೆಯಿಂದ ಒರೆಸಿದ ಪಸೆ, ಕರಾವಳಿಯ ಉಪ್ಪುಗಾಳಿ ಎಲ್ಲ ಹೋಗಿ ಕೂರುವುದು ಅಲ್ಲೇ. ಮೇಲೆ ಹೊಳೆಯುವ ಸಿಲಿಂಡರನ್ನು ಮಗುಚಿ ನೋಡಿದರೆ ಬುಡದಲ್ಲಿ ಪದರ ಪದರವಾಗಿ ತುಕ್ಕು ಎದ್ದಿರುವುದುಂಟು.

ಆಮೇಲೆ ತೂಕ. ಪ್ರತಿ ಸಿಲಿಂಡರಿನ ಖಾಲಿ ತೂಕವನ್ನು ಅದರ ಪಟ್ಟಿಯ ಮೇಲೆಯೇ ಬರೆದಿರುತ್ತಾರೆ. ಆ ತೂಕದಲ್ಲಿ 5 ಶೇಕಡಕ್ಕಿಂತ ಹೆಚ್ಚು ಕಡಿಮೆಯಾಗಿದ್ದರೆ ಸಿಲಿಂಡರು ಅಲ್ಲಿಗೆ ಮುಗಿಯಿತು. 15.8 ಕಿಲೋ ಎಂದು ಬರೆದಿದ್ದರೆ ಅದರ 5 ಶೇಕಡ ಎಂದರೆ 790 ಗ್ರಾಂ. ಅಷ್ಟು ಉಕ್ಕನ್ನು ತುಕ್ಕು ತಿಂದುಹಾಕಿದೆ ಎಂದರೆ ಮೈ ಎಲ್ಲೋ ತೆಳ್ಳಗಾಗಿದೆ ಎಂದೇ ಲೆಕ್ಕ. ಕಣ್ಣಿಗೆ ಕಾಣದ್ದನ್ನು ತಕ್ಕಡಿ ಹೇಳಿಬಿಡುತ್ತದೆ.

ಕೊನೆಗೆ ಒತ್ತಡದ ಪರೀಕ್ಷೆ. ಸಿಲಿಂಡರಿಗೆ ಪೂರ್ತಿ ನೀರು ತುಂಬಿ ಚದರ ಸೆಂಟಿಮೀಟರಿಗೆ 25 ಕಿಲೋ ಒತ್ತಡ ಕೊಟ್ಟು ಹಿಡಿಯುತ್ತಾರೆ. ಅಡುಗೆಮನೆಯಲ್ಲಿ ಸಾಧಾರಣ ಹವೆಗೆ ಗ್ಯಾಸಿನ ಒತ್ತಡ ಇದೇ ಅಳತೆಯಲ್ಲಿ 10ಕ್ಕಿಂತ ಕಡಿಮೆಯೇ. ಅಂದರೆ ಮನೆಯಲ್ಲಿ ಸಿಲಿಂಡರು ತಡೆದುಕೊಳ್ಳಬೇಕಾದದ್ದಕ್ಕಿಂತ ಎರಡು ಪಟ್ಟಿಗೂ ಮಿಗಿಲಾದ ಒತ್ತಡಕ್ಕೆ ಅದನ್ನು ಒಡ್ಡುತ್ತಾರೆ. ಗಾಳಿಯ ಬದಲು ನೀರು ಬಳಸುವುದಕ್ಕೆ ಕಾರಣವಿದೆ. ನೀರು ಅದುಮಿದರೆ ಕುಗ್ಗುವುದಿಲ್ಲ, ಆದ್ದರಿಂದ ಅದರೊಳಗೆ ಶಕ್ತಿ ಕೂಡಿಡುವುದಿಲ್ಲ. ಒಂದು ವೇಳೆ ಬೆಸುಗೆ ಬಿಟ್ಟುಕೊಟ್ಟರೂ ನೀರು ಚಿಮ್ಮಿ ಒತ್ತಡ ಇಳಿಯುತ್ತದೆ, ಸಿಡಿಯುವುದಿಲ್ಲ. ಎಲ್ಲಾದರೂ ಜಿನುಗಿದರೆ, ಉಬ್ಬಿದರೆ ಸಿಲಿಂಡರು ಸೋತಂತೆ.

ಗೆದ್ದದ್ದನ್ನು ಒಣಗಿಸಿ, ವಾಲ್ವು ಕೂರಿಸಿ, ಗಾಳಿಯ ಒತ್ತಡದಲ್ಲಿ ಸೋರಿಕೆ ನೋಡಿ, ಬಣ್ಣ ಹೊಡೆದು, ಮುಂದಿನ ಗಡುವನ್ನು ಬರೆಯುತ್ತಾರೆ. ಸೋತದ್ದನ್ನು ಗುಜರಿಗೆ ಹಾಗೆಯೇ ಮಾರುವಂತಿಲ್ಲ. ಚಪ್ಪಟೆ ಮಾಡಿಯೋ, ಮತ್ತೆ ಜೋಡಿಸಲು ಬಾರದ ಹಾಗೆ ತುಂಡರಿಸಿಯೋ ನಾಶ ಮಾಡಬೇಕೆಂದು ನಿಯಮವಿದೆ. ಸಿಲಿಂಡರನ್ನು ಸೇವೆಯಿಂದ ತೆಗೆಯುವುದು ಈ ಪರೀಕ್ಷೆ. ಪಟ್ಟಿಯ ಮೇಲಿನ ಎರಡು ಅಂಕಿಗೆ ಆ ಅಧಿಕಾರವಿಲ್ಲ.

ಫೋಟೋದಿಂದ ಓದುವಾಗ

ಸಿಲಿಂಡರು ಕಣ್ಣೆದುರಿಗಿದ್ದರೆ ಬಗ್ಗಿ ನೋಡಬಹುದು. ಈಗ ಹೆಚ್ಚಾಗಿ ಆಗುವುದು ಬೇರೆ ಥರ. ಊರಲ್ಲಿರುವ ಅಪ್ಪ ಅಮ್ಮನೋ, ಹಾಸ್ಟೆಲ್ ಬಿಟ್ಟು ಬಾಡಿಗೆ ಮನೆ ಹಿಡಿದ ಮಗಳೋ ಒಂದು ಫೋಟೋ ತೆಗೆದು ಕಳಿಸಿ ‘ಇದು ಸರಿಯಿದೆಯಾ ನೋಡು’ ಎನ್ನುತ್ತಾರೆ. ಫೋಟೋದಲ್ಲಿ ಓದುವಾಗ ಎಡವುವ ಜಾಗಗಳು ಬೇರೆ.

ಕಳೆದ ವರ್ಷ, 2025ರ ನವೆಂಬರಿನಲ್ಲಿ, ತೀರ್ಥಹಳ್ಳಿ ಕಡೆಯ ನಮ್ಮ ಅತ್ತಿಗೆ ಹೀಗೊಂದು ಫೋಟೋ ಕಳಿಸಿದರು. ಅವರದು ಎರಡು ಸಿಲಿಂಡರಿನ ಮನೆ. ಒಂದು ಒಲೆಗೆ, ಇನ್ನೊಂದು ಮೂಲೆಗೆ. ಮೂಲೆಯ ಸಿಲಿಂಡರಿನದೇ ಫೋಟೋ. ‘ಇದರಲ್ಲಿ 15.8 ಅಂತ ಇದೆ ಮಾರಾಯ. 2015ರ ಆಗಸ್ಟಿಗೇ ಮುಗಿದು ಹೋಗಿದ್ಯಲ್ಲ, ಹತ್ತು ವರ್ಷ ಆಯ್ತು. ಹೊರಗೆ ಇಟ್ಟಿದ್ದೇನೆ’ ಎಂದರು.

ಅದು ತಾರೀಖಲ್ಲ, ಖಾಲಿ ಸಿಲಿಂಡರಿನ ತೂಕ. ಒಂದು ಪಟ್ಟಿಯಲ್ಲಿ ತೂಕ, ಇನ್ನೊಂದರಲ್ಲಿ ಗಡುವು ಇರುವುದರಿಂದ ಒಂದೇ ಫೋಟೋ ತೆಗೆದವರು ಬಹಳ ಸಲ ತೂಕದ ಪಟ್ಟಿಯನ್ನೇ ತೆಗೆದಿರುತ್ತಾರೆ. ಗುರುತಿಸುವುದು ಸುಲಭ. ಗಡುವಿನಲ್ಲಿ ಇಂಗ್ಲಿಷ್ ಅಕ್ಷರ ಇರಲೇಬೇಕು. ತೂಕದಲ್ಲಿ ದಶಾಂಶದ ಚುಕ್ಕೆ ಇರುತ್ತದೆ. ‘ಬಳೆಯ ಸುತ್ತ ಮೂರೂ ಪಟ್ಟಿಯ ಒಳಗಡೆ ಒಂದೊಂದು ಫೋಟೋ ತೆಗೀರಿ ಅತ್ತಿಗೆ’ ಎಂದೆ.

ಎರಡನೆಯ ಸಲ ಬಂದ ಮೂರು ಫೋಟೋಗಳಲ್ಲಿ ಒಂದರಲ್ಲಿ ಗುರುತು ಇತ್ತು. 25 ಎಂಬ ಅಂಕಿ ಸ್ಪಷ್ಟವಾಗಿತ್ತು, ಅಕ್ಷರ ಮಾತ್ರ ಅಸ್ಪಷ್ಟ. ಫ್ಲ್ಯಾಶ್ ಬೆಳಕು ಬಣ್ಣದ ಮೇಲೆ ಬಿದ್ದು ಅಕ್ಷರದ ನಡುವೆ ಬಿಳಿ ಮಚ್ಚೆಯಾಗಿತ್ತು. B ಇರಬಹುದು, D ಇರಬಹುದು. B-25 ಆದರೆ ಗಡುವು ಜೂನ್ ಕೊನೆಗೇ ದಾಟಿದೆ. D-25 ಆದರೆ ಡಿಸೆಂಬರ್ 31ರವರೆಗೆ ಇದೆ. ಒಂದು ಅಕ್ಷರದಲ್ಲಿ ಆರು ತಿಂಗಳ ಅಂತರ, ಮಾಡಬೇಕಾದ ಕೆಲಸವೂ ಬೇರೆ.

ಇಂಥಲ್ಲಿ ಊಹೆ ಮಾಡಬಾರದು. ಎರಡು ದಾರಿಯಿದೆ. ಮೊದಲನೆಯದು ಬೆಳಕನ್ನು ಬದಲಿಸುವುದು. ಫ್ಲ್ಯಾಶ್ ಆರಿಸಿ, ಪಟ್ಟಿಯನ್ನು ಒಣಬಟ್ಟೆಯಿಂದ ಒರೆಸಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು, ಫೋನನ್ನು ಪಟ್ಟಿಗೆ ನೇರವಾಗಿ ಇಟ್ಟು ತೆಗೆಯಬೇಕು. ಓರೆ ಬೆಳಕಿನಲ್ಲಿ ಬಣ್ಣದ ಅಂಚು ಎದ್ದು ಕಾಣುತ್ತದೆ. ಕೆಳಗೆ ಹಳೆಯ ಗುರುತೊಂದು ಮುಚ್ಚಿಹೋಗಿದ್ದರೆ ಅದೂ ತಿಳಿಯುತ್ತದೆ. B ಆಗಿದ್ದರೆ ಬಲಗಡೆ ಎರಡು ಹೊಟ್ಟೆ, ನಡುವೆ ಒಳಕ್ಕೆ ಸೊಂಟ. D ಆಗಿದ್ದರೆ ಒಂದೇ ಹೊಟ್ಟೆ. ಒಳಗಿನ ಭಾಗ ಬಣ್ಣ ಹರಡಿ ತುಂಬಿಹೋಗಿದ್ದರೂ ಬಲಗಡೆಯ ಹೊರ ಅಂಚು ಸುಳ್ಳು ಹೇಳುವುದಿಲ್ಲ.

ಎರಡನೆಯ ದಾರಿ ಲೆಕ್ಕದ್ದು. ಬಣ್ಣದ ಗುರುತಲ್ಲದೆ ಸಿಲಿಂಡರಿನ ಕಬ್ಬಿಣದಲ್ಲೇ ಒತ್ತಿ ಮೂಡಿಸಿದ ಬರಹವೂ ಇರುತ್ತದೆ: ತಯಾರಕರ ಗುರುತು, ಸಿಲಿಂಡರಿನ ಸಂಖ್ಯೆ, ಐಎಸ್‌ಐ ಮುದ್ರೆ, ತಯಾರಾದ ಕಾಲ ಇತ್ಯಾದಿ. ಬಣ್ಣದ ಪದರದಡಿ ಅದು ಮಸುಕಾಗಿದ್ದರೂ ಬೆರಳಿಗೆ ಸಿಗುತ್ತದೆ. ಅತ್ತಿಗೆಯ ಸಿಲಿಂಡರಿನಲ್ಲಿ ಓರೆ ಟಾರ್ಚಿಗೆ ಕಂಡದ್ದು 2015ರ ಡಿಸೆಂಬರ್. ಹೊಸ ಸಿಲಿಂಡರಿಗೆ ಮೊದಲ ಪರೀಕ್ಷೆ 10 ವರ್ಷಕ್ಕೆ ಎಂದ ಮೇಲೆ ಗಡುವು ಬೀಳಬೇಕಾದದ್ದು 2025ರ ಕೊನೆಯ ಕಾಲುಭಾಗದಲ್ಲಿ, ಅಂದರೆ D-25. ಹೊಸ ಫೋಟೋದಲ್ಲಿ ಅಕ್ಷರದ ಬಲ ಅಂಚು ಒಂದೇ ಬಾಗಾಗಿತ್ತು. ಎರಡೂ ಸಾಕ್ಷಿ ಒಂದೇ ಮಾತು ಹೇಳಿದವು.

ಈ ಲೆಕ್ಕಕ್ಕೊಂದು ಮಿತಿಯಿದೆ. ಒಂದು ಸಲ ಪರೀಕ್ಷೆಯಾದ ಸಿಲಿಂಡರಿನಲ್ಲಿ ಮುಂದಿನ ಗಡುವನ್ನು ಎಣಿಸುವುದು ಆ ಪರೀಕ್ಷೆ ನಡೆದ ಕಾಲದಿಂದ. ಪರೀಕ್ಷೆ ಗಡುವಿಗಿಂತ ಮುಂಚೆಯೇ ನಡೆದಿರಬಹುದು. ಆದ್ದರಿಂದ ಹಳೆಯ ಸಿಲಿಂಡರಿನಲ್ಲಿ ತಯಾರಾದ ಇಸವಿಗೂ ಗಡುವಿಗೂ ನಡುವೆ ಹದಿನೈದೋ ಇಪ್ಪತ್ತೋ ಸರಿಯಾಗಿ ಬೀಳದಿದ್ದರೆ ಮೋಸ ಎಂದುಕೊಳ್ಳಬೇಕಿಲ್ಲ. ಹತ್ತು ವರ್ಷದೊಳಗಿನ ಸಿಲಿಂಡರಿಗೆ ಈ ತಾಳೆ ಚೆನ್ನಾಗಿ ಕೆಲಸ ಮಾಡುತ್ತದೆ.

ಇನ್ನೊಂದು ಸಂಗತಿ, ಫೋಟೋ ಯಾವಾಗ ತೆಗೆದದ್ದು ಎಂಬುದು. C-18 ಎಂದು ಬರೆದ ಸಿಲಿಂಡರಿನ ಚಿತ್ರ ಇವತ್ತು ನಿಮ್ಮ ಗುಂಪಿಗೆ ಬಂದರೆ ನೋಡಿದವರಿಗೆಲ್ಲ ದಿಗಿಲು. ಆ ಚಿತ್ರ 2017ರಲ್ಲಿ ತೆಗೆದದ್ದಾಗಿದ್ದರೆ ಅದರಲ್ಲಿ ತಪ್ಪೇ ಇಲ್ಲ. ಗಡುವನ್ನು ಹೋಲಿಸಬೇಕಾದದ್ದು ಸಿಲಿಂಡರಿಗೆ ಗ್ಯಾಸ್ ತುಂಬಿದ ದಿನದೊಂದಿಗೆ ಮತ್ತು ಮನೆಗೆ ಬಂದ ದಿನದೊಂದಿಗೆ. ಫೋಟೋ ನಮ್ಮ ಫೋನಿಗೆ ಬಂದ ದಿನದೊಂದಿಗೆ ಅಲ್ಲ. ಮನೆಗೆ ಬಂದ ದಿನ ಬೇಕಿದ್ದರೆ ಬುಕಿಂಗಿನ ಮೆಸೇಜು, ಏಜೆನ್ಸಿಯ ಬಿಲ್ಲು, ಇಲ್ಲವೇ ಗ್ಯಾಸಿನ ಪುಸ್ತಕ ನೋಡಿದರೆ ಸಿಗುತ್ತದೆ.

ಹಾಗಾದರೆ ಯಾವಾಗ ಬದಲಿಸಬೇಕು

ಒಂದೇ ಗುರುತಿಗೆ ಸಿಲಿಂಡರು ಎಲ್ಲಿದೆ ಎಂಬುದರ ಮೇಲೆ ಬೇರೆ ಬೇರೆ ಉತ್ತರ.

ಮೊದಲನೆಯದು ಬಾಗಿಲಲ್ಲಿ. ಡೆಲಿವರಿಯವರು ಸಿಲಿಂಡರು ಇಳಿಸಿದಾಗ ಗಡುವು ದಾಟಿದ್ದು ಕಂಡರೆ ಒಳಗೆ ತೆಗೆದುಕೊಳ್ಳಬೇಡಿ. ಸೀಲು ಒಡೆಯುವ ಮುಂಚೆ ನೋಡಿದರೆ ಕೆಲಸ ಹಗುರ. ‘ಅಣ್ಣಾ, ಇದರ ಟೆಸ್ಟ್ ಡೇಟ್ ಮುಗಿದಿದೆ, ಬೇರೆ ಕೊಡಿ’ ಎಂದರೆ ಗಾಡಿಯಲ್ಲಿರುವ ಇನ್ನೊಂದನ್ನು ಇಳಿಸುತ್ತಾರೆ. ಗುರುತು ಓದಲಾಗದಷ್ಟು ಅಳಿಸಿದ್ದರೂ ಇದೇ ಉತ್ತರ. ಓದಲಾಗದ ಗಡುವನ್ನು ಇಲ್ಲದ ಗಡುವೆಂದೇ ಎಣಿಸಬೇಕು. ಗಡುವು ಇದೇ ಕಾಲುಭಾಗದಲ್ಲಿ ಮುಗಿಯುವುದಿದ್ದರೆ ತೆಗೆದುಕೊಳ್ಳಬಹುದು, ತಕ್ಷಣ ಬಳಸುವವರಾಗಿದ್ದರೆ ಮಾತ್ರ. ಮೂಲೆಗೆ ಇಡುವುದಕ್ಕಾಗಿ ತೆಗೆದುಕೊಳ್ಳುವವರು ದೂರದ ಗಡುವಿನದನ್ನೇ ಕೇಳಿ ಪಡೆಯುವುದು ಜಾಣತನ.

ಎರಡನೆಯದು ಒಲೆಗೆ ಜೋಡಿಸಿದ ಸಿಲಿಂಡರು. ಗಡುವಿನೊಳಗೆ ಬಂದು, ಬಳಸುತ್ತಿರುವಾಗ ತಿಂಗಳು ಉರುಳಿ ಗಡುವು ದಾಟಿತು ಎಂದಿಟ್ಟುಕೊಳ್ಳಿ. ಆ ರಾತ್ರಿ ಉಕ್ಕಿನಲ್ಲಿ ಏನೂ ಬದಲಾಗಿಲ್ಲ. ವಾಸನೆಯಿಲ್ಲ, ವಾಲ್ವು ಸರಿಯಿದೆ, ಮೈಯಲ್ಲಿ ತಗ್ಗಿಲ್ಲ ಎಂದಾದರೆ ಗಾಬರಿಯಿಂದ ಅರ್ಧ ತುಂಬಿದ ಸಿಲಿಂಡರನ್ನು ಅಂಗಳಕ್ಕೆ ಉರುಳಿಸುವ ಅಗತ್ಯವಿಲ್ಲ. ಹಾಗೆ ಎಳೆದಾಡುವುದೇ ಹೆಚ್ಚು ಅಪಾಯ. ಏಜೆನ್ಸಿಗೆ ತಿಳಿಸಿ, ಮುಂದಿನ ರೀಫಿಲ್ಲಿಗೆ ಅದನ್ನೇ ಮೊದಲು ಹಿಂದಿರುಗಿಸಿ. ಅದು ಪ್ಲಾಂಟಿಗೆ ಹೋದರೆ ಪರೀಕ್ಷೆಯ ಸಾಲಿಗೆ ಸೇರುತ್ತದೆ.

ಮೂರನೆಯದು ಮೂಲೆಯ ಸಿಲಿಂಡರು. ಈ ಇಡೀ ಪ್ರಶ್ನೆ ನಿಜವಾಗಿ ಕಾಡುವುದು ಇಲ್ಲಿ. ತಿಂಗಳಿಗೊಂದು ಮುಗಿಸುವ ಮನೆಗೆ ಗಡುವು ದಾಟುವ ಸಂದರ್ಭವೇ ಅಪರೂಪ. ಸೌದೆ ಒಲೆ, ಗೋಬರ್ ಗ್ಯಾಸು ಇರುವ ಮಲೆನಾಡಿನ ಮನೆಗಳಲ್ಲಿ, ಒಬ್ಬರೇ ಇರುವ ಹಿರಿಯರ ಮನೆಗಳಲ್ಲಿ, ರಜೆಗೆ ಮಾತ್ರ ಬಾಗಿಲು ತೆರೆಯುವ ಊರ ಮನೆಗಳಲ್ಲಿ ತುಂಬಿದ ಸಿಲಿಂಡರು ಒಂದೆರಡು ವರ್ಷ ಕದಲದೆ ಕೂರುತ್ತದೆ. ಗಡುವಿನ ಜೊತೆಗೆ ಒದ್ದೆ ನೆಲದ ತುಕ್ಕೂ ಸೇರುವುದು ಇಂಥಲ್ಲಿ. ಮದ್ದು ಸರಳ: ಎರಡನ್ನೂ ಸರದಿಯಲ್ಲಿ ಬಳಸಬೇಕು. ಹೊಸದು ಬಂದಾಗ ಹಳೆಯದನ್ನು ಒಲೆಗೆ ಜೋಡಿಸಿ, ಹೊಸದನ್ನು ಮೂಲೆಗೆ ಇಡಬೇಕು. ಅತ್ತಿಗೆಗೆ ಹೇಳಿದ್ದೂ ಅದನ್ನೇ. ಡಿಸೆಂಬರಿನೊಳಗೆ ಮುಗಿಸಿ ಕೊಡುವುದಕ್ಕೆ ಸಾಧ್ಯವಿದ್ದದ್ದರಿಂದ ಮೂಲೆಯದನ್ನೇ ಒಲೆಗೆ ಹಾಕಿಸಿದರು. ಗಡುವು ಆಗಲೇ ದಾಟಿದ್ದು, ಬುಡದಲ್ಲಿ ತುಕ್ಕು ಪದರ ಎದ್ದಿದ್ದರೆ ಅದನ್ನು ಬಳಸದೆ ಏಜೆನ್ಸಿಯವರನ್ನು ಕರೆಸಿ ತುಂಬಿದ್ದನ್ನೇ ಬದಲಿಸಿಕೊಳ್ಳುವುದು ಸರಿ.

ನಾಲ್ಕನೆಯದಕ್ಕೆ ಗಡುವಿನ ಗೊಡವೆಯೇ ಇಲ್ಲ. ಆಳವಾದ ತಗ್ಗು, ಬಾಗಿದ ವಾಲ್ವು, ಬೆಂಕಿ ತಾಗಿ ಕರಿಕಟ್ಟಿದ ಬಣ್ಣ, ಬೆಸುಗೆಯ ಬಳಿ ಸೋಪಿನ ನೊರೆಗೆ ಏಳುವ ಗುಳ್ಳೆ, ಇವುಗಳಲ್ಲಿ ಯಾವುದು ಕಂಡರೂ ಗುರುತು ಐದು ವರ್ಷ ಮುಂದಿನದ್ದಾಗಿದ್ದರೂ ಆ ಸಿಲಿಂಡರು ಬೇಡ. ಪರೀಕ್ಷೆ ಗೆದ್ದ ಮರುವಾರವೇ ಲಾರಿಯಿಂದ ಬಿದ್ದು ತಗ್ಗಾದ ಸಿಲಿಂಡರಿಗೂ ಹೊಸ ತಾರೀಖೇ ಇರುತ್ತದೆ.

ಗುರುತು ಹೇಳದ ಸಂಗತಿಗಳು

ಪಟ್ಟಿಯ ಮೇಲಿನ ಗಡುವು ಮಾತಾಡುವುದು ಉಕ್ಕಿನ ಪಾತ್ರೆಯ ಬಗ್ಗೆ. ಮನೆಯ ಗ್ಯಾಸಿನ ಅವಘಡಗಳಲ್ಲಿ ಪಾತ್ರೆ ತಾನಾಗಿ ಒಡೆಯುವುದಕ್ಕಿಂತ ಹೆಚ್ಚಾಗಿ ನಡೆಯುವುದು ಸೋರಿಕೆ. ಸೋರಿದ ಗ್ಯಾಸು ಗಾಳಿಗಿಂತ ಭಾರವಾದ್ದರಿಂದ ನೆಲಮಟ್ಟದಲ್ಲಿ ಹರಡಿ, ಎಲ್ಲೋ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಸೋರುವ ಜಾಗಗಳು ಮೂರು: ವಾಲ್ವಿನ ಒಳಗಿನ ರಬ್ಬರಿನ ವಾಷರು, ರೆಗ್ಯುಲೇಟರು ಕೂರುವ ಬಾಯಿ, ಒಲೆಗೆ ಹೋಗುವ ಪೈಪು. ಈ ಮೂರರ ಬಗ್ಗೆಯೂ C-27 ಎಂಬ ಗುರುತು ಒಂದು ಅಕ್ಷರ ಹೇಳುವುದಿಲ್ಲ.

ವಾಷರು ಇದೆಯೇ, ಸೀಳಿದೆಯೇ ಎಂಬುದನ್ನು ಸೀಲು ತೆಗೆದೊಡನೆ ಡೆಲಿವರಿಯವರ ಎದುರೇ ನೋಡಬಹುದು. ಅದಕ್ಕಾಗಿ ಅವರ ಬಳಿ ಉಪಕರಣವೂ ಬಿಡಿ ವಾಷರೂ ಇರಬೇಕು. ತೂಕವನ್ನೂ ಅಲ್ಲೇ ನೋಡಬಹುದು. ಖಾಲಿ ತೂಕ 15.8 ಇದ್ದರೆ ತುಂಬಿದ್ದು 30 ಕಿಲೋ ತೂಗಬೇಕು. ಒಲೆಯ ಸುರಕ್ಷಾ ಪೈಪಿಗೆ ಅದರದೇ ಕಾಲಮಿತಿಯಿದೆ, 5 ವರ್ಷ. ಪೈಪಿನ ಮೈಮೇಲೆ ತಯಾರಾದ ಕಾಲವನ್ನು ಅಚ್ಚು ಹಾಕಿರುತ್ತಾರೆ. ಇದು ಮನೆಯವರ ಸ್ವಂತ ಸಾಮಾನು. ಸಿಲಿಂಡರು ತಿಂಗಳಿಗೊಮ್ಮೆ ಬದಲಾಗುತ್ತದೆ, ಪೈಪು ಮಾತ್ರ ಯಾರೂ ತೆಗೆಯದೆ ಹಾಗೆಯೇ ಉಳಿದಿರುತ್ತದೆ. ಅದನ್ನು ಬದಲಿಸಲು ಯಾವ ಪ್ಲಾಂಟಿನವರೂ ನೆನಪಿಸುವುದಿಲ್ಲ.

ಗುರುತು ಅರ್ಥ ಕಳೆದುಕೊಳ್ಳುವ ಇನ್ನೊಂದು ಜಾಗವೂ ಇದೆ. ದೊಡ್ಡ ಸಿಲಿಂಡರಿನಿಂದ ಸಣ್ಣದಕ್ಕೆ ಕದ್ದು ಗ್ಯಾಸು ತುಂಬಿಸಿಕೊಡುವ ಅಂಗಡಿಗಳು. ವಿದ್ಯಾರ್ಥಿಗಳೂ ತಳ್ಳುಗಾಡಿಯವರೂ ಬಳಸುವ ಪುಟ್ಟ ಸಿಲಿಂಡರುಗಳು ಬಹಳ ಸಲ ಹೀಗೆ ತುಂಬಿಸಿದವು. ಅವು ಬಾಟ್ಲಿಂಗ್ ಪ್ಲಾಂಟಿಗೆ ಮರಳುವುದೇ ಇಲ್ಲ. ಮರಳದ ಸಿಲಿಂಡರಿಗೆ ತಕ್ಕಡಿಯೂ ಇಲ್ಲ, ನೀರಿನ ಒತ್ತಡವೂ ಇಲ್ಲ, ಗಡುವನ್ನು ನೋಡಿ ಪಕ್ಕಕ್ಕೆ ತೆಗೆಯುವ ಕಣ್ಣೂ ಇಲ್ಲ. ಬಳಕೆಯಲ್ಲಿ ಗಡುವು ನಾಲ್ಕು ದಿನ ದಾಟಿದ ಮನೆಯ ಸಿಲಿಂಡರಿಗಿಂತ ಗುರುತೇ ಇಲ್ಲದೆ ಕೈಯಿಂದ ಕೈಗೆ ಸಾಗುವ ಇಂಥ ಸಿಲಿಂಡರಿಗೆ ಹೆದರುವುದು ನ್ಯಾಯ. ಅಂಥದ್ದು ಬೇಕಿದ್ದವರಿಗೆ ಕಂಪನಿಗಳೇ 5 ಕಿಲೋ ಸಿಲಿಂಡರು ಕೊಡುತ್ತವೆ.

ಏಜೆನ್ಸಿಗೆ ಫೋನು ಮಾಡುವಾಗ ‘ಡೇಟ್ ಆಗಿಹೋಗಿದೆ’ ಎಂದಷ್ಟೇ ಹೇಳಿದರೆ ಮಾತು ಬೆಳೆಯುತ್ತದೆ, ಕೆಲಸ ಆಗುವುದಿಲ್ಲ. ಗ್ರಾಹಕ ಸಂಖ್ಯೆ, ಪಟ್ಟಿಯ ಮೇಲಿನ ಗುರುತು, ಸಿಲಿಂಡರಿನ ಸಂಖ್ಯೆ, ಅದು ಮನೆಗೆ ಬಂದ ದಿನ, ತುಂಬಿದೆಯೋ ಖಾಲಿಯೋ, ಸೀಲು ಒಡೆದಿದೆಯೋ ಇಲ್ಲವೋ, ಇಷ್ಟನ್ನು ಹೇಳಿ ಮೂರೂ ಪಟ್ಟಿಯ ಫೋಟೋ ಕಳಿಸಿದರೆ ಆ ಕಡೆಯವರಿಗೆ ತಪ್ಪಿಸಿಕೊಳ್ಳಲು ಜಾಗವಿರುವುದಿಲ್ಲ. ಗ್ಯಾಸಿನ ವಾಸನೆ ಬರುತ್ತಿದ್ದರೆ ಮಾತ್ರ ಗುರುತು ಹುಡುಕುತ್ತ ಟಾರ್ಚು ಹಿಡಿದು ನಿಲ್ಲಬೇಡಿ. ಸ್ವಿಚ್ಚು ಮುಟ್ಟದೆ ರೆಗ್ಯುಲೇಟರು ಆರಿಸಿ, ಬಾಗಿಲು ಕಿಟಕಿ ತೆರೆದು, ಮನೆಯಿಂದ ಹೊರಗೆ ಬಂದು 1906ಕ್ಕೆ ಕರೆ ಮಾಡಿ.